50 ಮೀಟರ್ ಓಟದ ಪರೀಕ್ಷೆಯನ್ನು ಸ್ಪ್ರೆಡ್‌ಶೀಟ್‌ನಲ್ಲಿ ದಾಖಲಿಸುವ ಕ್ರಮ: ದಿನಾಂಕ, ಸರಾಸರಿ, ಗ್ರಾಫ್ ಕೈಕೊಡದಂತೆ ಒಂದು ಸಮಗ್ರ ಮಾರ್ಗದರ್ಶಿ

ಹಾಸನ ಮತ್ತು ಸುತ್ತಲಿನ ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ಕ್ರೀಡಾಪಟುಗಳ ದಾಖಲೆಯ ಶೀಟ್‌ಗಳನ್ನು ನನಗೆ ತೋರಿಸುವುದುಂಟು. "ಸರ್, ಹುಡುಗಿ ಚೆನ್ನಾಗಿ ಓಡುತ್ತಿದ್ದಾಳೆ, ಆದರೆ ಗ್ರಾಫ್ ಮಾತ್ರ ಹಾವಿನಂತೆ ಹರಿದಾಡುತ್ತಿದೆ" ಎಂಬುದು ಅವರ ಸಾಮಾನ್ಯ ದೂರು. ಶೀಟನ್ನು ತೆರೆದು ನೋಡಿದರೆ ತಪ್ಪು ಓಟದಲ್ಲಿ ಇರುವುದಿಲ್ಲ. ದಿನಾಂಕ ತಲೆಕೆಳಗಾಗಿರುತ್ತದೆ, ಗೈರುಹಾಜರಾದವರಿಗೆ ಸೊನ್ನೆ ಬಿದ್ದಿರುತ್ತದೆ, ಒದ್ದೆ ಮೈದಾನದ ಸಮಯವೂ ಒಣ ಮೈದಾನದ ಸಮಯವೂ ಒಂದೇ ಗೆರೆಯಲ್ಲಿ ಸೇರಿಕೊಂಡಿರುತ್ತವೆ. ಹೆಚ್ಚಿನ ತಪ್ಪುಗಳು ಕೆಲಸದ ಕ್ರಮ ಹಿಂದುಮುಂದಾದುದರಿಂದ ಹುಟ್ಟುವುದರಿಂದ, ಇಲ್ಲಿ ಒಂದೇ ಪರೀಕ್ಷೆಯನ್ನು, ಅಂದರೆ ಖೇಲೋ ಇಂಡಿಯಾ ದೈಹಿಕ ಸಾಮರ್ಥ್ಯ ಪರೀಕ್ಷೆಗಳ ಮೂಲಕ ಎಲ್ಲ ಶಾಲೆಗಳಿಗೂ ಪರಿಚಿತವಾಗಿರುವ 50 ಮೀಟರ್ ಓಟವನ್ನು ಹಿಡಿದು, ಮೈದಾನದಿಂದ ಗ್ರಾಫ್‌ವರೆಗೆ ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾದ ಸಲಕರಣೆ ಹೆಚ್ಚೇನಿಲ್ಲ: ಒಂದು ಸ್ಟಾಪ್‌ವಾಚ್, ಅಳತೆ ಟೇಪು, ನಾಲ್ಕು ಕೋನ್, ಒಂದು ಕಾಗದದ ಪಟ್ಟಿ ಮತ್ತು ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಇರುವ ಒಂದು ಕಂಪ್ಯೂಟರ್. ಮೊಬೈಲಿನಲ್ಲಿ ಅಂಕಿ ತುಂಬಬಹುದು. ಆದರೆ ಶೀಟನ್ನು ಮೊದಲ ಬಾರಿ ಕಟ್ಟುವ ಕೆಲಸವನ್ನು ಕಂಪ್ಯೂಟರಿನಲ್ಲಿಯೇ ಮಾಡಿರಿ.

## ಹಂತ 1: ಶೀಟ್ ತೆರೆಯುವ ಮೊದಲು ಪರೀಕ್ಷೆಯನ್ನು ಗಟ್ಟಿ ಮಾಡಿಕೊಳ್ಳುವುದು

ಪ್ರತಿ ಸಲ ಒಂದೇ ರೀತಿಯಲ್ಲಿ ನಡೆಯದ ಪರೀಕ್ಷೆಯ ಅಂಕಿಗಳನ್ನು ಯಾವ ಸೂತ್ರವೂ ಸರಿಪಡಿಸಲಾರದು. ಆದ್ದರಿಂದ ಓಡುವ ಜಾಗ, ಓಡುವ ದಿಕ್ಕು, ಹೊತ್ತು, ಪಾದರಕ್ಷೆ ಮತ್ತು ಸ್ಟಾಪ್‌ವಾಚ್ ಹಿಡಿಯುವ ವ್ಯಕ್ತಿ, ಈ ಐದನ್ನೂ ಮೊದಲೇ ನಿಗದಿ ಮಾಡಿ ಕಾಗದದ ಪಟ್ಟಿಯ ತಲೆಯಲ್ಲಿ ಬರೆದಿಡಿರಿ. ಹೊತ್ತಿನ ಮಾತನ್ನು ಹಲವರು ಹಗುರವಾಗಿ ಕಾಣುತ್ತಾರೆ. ಮೈ ಬಿಸಿಯಾಗಿರುವ ಸಂಜೆ ಐದು ಗಂಟೆಗೆ ಹೋಲಿಸಿದರೆ, ನಮ್ಮ ಕಡೆಯ ಚಳಿಯ ಬೆಳಗ್ಗೆ ಏಳು ಗಂಟೆಗೆ ಅದೇ ಹುಡುಗ ನಿಧಾನವಾಗಿ ಓಡುವುದು ಸಹಜ. ಜೂನ್ ತಿಂಗಳಲ್ಲಿ ಸಂಜೆಯೂ ಅಕ್ಟೋಬರ್‌ನಲ್ಲಿ ಬೆಳಗ್ಗೆಯೂ ಪರೀಕ್ಷಿಸಿದವರು ನಾಲ್ಕು ತಿಂಗಳ ಶ್ರಮವನ್ನು ತಾವೇ ಅಳಿಸಿದಂತಾಗುತ್ತದೆ.

ಪ್ರತಿಯೊಬ್ಬರಿಗೂ ಮೂರು ಓಟಗಳನ್ನು ಕೊಡಿರಿ, ಒಂದೊಂದರ ನಡುವೆ ಕನಿಷ್ಠ ನಾಲ್ಕೈದು ನಿಮಿಷ ಬಿಡುವಿರಲಿ. ಕೈಯಿಂದ ಒತ್ತುವ ಗಡಿಯಾರದ ಸಮಯವನ್ನೂ ಎಲೆಕ್ಟ್ರಾನಿಕ್ ಸಮಯವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿರಿ. ಕೈಯಿಂದ ಹಿಡಿದ ಸಮಯ, ಹೊಗೆ ಅಥವಾ ಸನ್ನೆಯನ್ನು ಕಂಡು ಬೆರಳು ಒತ್ತುವಷ್ಟರಲ್ಲಿ ಆಗುವ ತಡದಿಂದಾಗಿ ಕಡಿಮೆ ತೋರುತ್ತದೆ. 100 ಮೀಟರ್ ಓಟದಲ್ಲಿ ಈ ಅಂತರವನ್ನು ವಾಡಿಕೆಯಲ್ಲಿ 0.24 ಸೆಕೆಂಡ್ ಎಂದು ಎಣಿಸುತ್ತಾರೆ. ಸ್ಪರ್ಧೆಯ ನಿಯಮದಲ್ಲಿ ಕೈಯಿಂದ ಹಿಡಿದ ಸಮಯವನ್ನು ಮುಂದಿನ ಹತ್ತನೇ ಒಂದು ಸೆಕೆಂಡಿಗೆ ಏರಿಸಿ ಬರೆಯುತ್ತಾರೆ. ತರಬೇತಿಯ ದಾಖಲೆಯಲ್ಲಿ ಮಾತ್ರ ಗಡಿಯಾರ ತೋರಿಸಿದ ನೂರನೇ ಅಂಶವನ್ನೇ ಬರೆದುಕೊಳ್ಳಿರಿ, ಏಕೆಂದರೆ ಮೂರು ಓಟಗಳ ಸರಾಸರಿ ತೆಗೆಯುವಾಗ ಅದು ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಯ ದಿನಗಳನ್ನು ನಾಲ್ಕು ವಾರಕ್ಕೊಂದರಂತೆ ವರ್ಷದ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡುವಾಗ ದಸರಾ ರಜೆಯನ್ನೂ, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದು ಊರೆಲ್ಲ ಜನಜಂಗುಳಿಯಾಗುವ ದಿನಗಳನ್ನೂ ಗಮನದಲ್ಲಿಡಿರಿ. ಒಂದು ಪರೀಕ್ಷೆ ತಪ್ಪಿದರೆ ತಪ್ಪಿತು. ಅದನ್ನು ಹೇಗೆ ದಾಖಲಿಸಬೇಕೆಂಬುದು ಮುಂದೆ ಬರುತ್ತದೆ.

## ಹಂತ 2: ದಿನಾಂಕದ ಅಂಕಿ ಬೀಳುವ ಮೊದಲೇ ಲೊಕೇಲ್ ಸರಿಪಡಿಸುವುದು

ನಾನು ಕಂಡ ಶೀಟ್‌ಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಇದೇ ತಪ್ಪು. ಗೂಗಲ್ ಶೀಟ್ಸ್‌ನ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿಯಲ್ಲಿ ದಿನಾಂಕ ಓದಬೇಕೆಂಬ ಸೆಟ್ಟಿಂಗ್, ಅಮೆರಿಕದ್ದಾಗಿದ್ದರೆ ಅದು ಮೊದಲು ತಿಂಗಳು, ಆಮೇಲೆ ದಿನ ಎಂದು ಓದಿಕೊಳ್ಳುತ್ತದೆ. ನೀವು ಜೂನ್ 7 ಎಂದುಕೊಂಡು 07/06/2025 ಎಂದು ಒತ್ತಿದರೆ ಅದು ಜುಲೈ 6 ಆಗುತ್ತದೆ. ಜುಲೈ 5 ಎಂದುಕೊಂಡು ಒತ್ತಿದ 05/07/2025 ಮೇ 7 ಆಗುತ್ತದೆ, ಆಗಸ್ಟ್ 2 ಎಂದುಕೊಂಡ 02/08/2025 ಫೆಬ್ರವರಿ 8 ಆಗುತ್ತದೆ. ಮೂವತ್ತನೆಯ ತಿಂಗಳೆಂಬುದು ಇಲ್ಲವಾದ್ದರಿಂದ 30/08/2025 ದಿನಾಂಕವೇ ಆಗದೆ ಬರಿಯ ಅಕ್ಷರವಾಗಿ ಉಳಿಯುತ್ತದೆ. 25/10/2025 ಕೂಡ ಹಾಗೆಯೇ. ಕೊನೆಗೆ ಗ್ರಾಫ್‌ನಲ್ಲಿ ಆಗಸ್ಟ್ ತಿಂಗಳ ಓಟ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ, ಕೊನೆಯ ಎರಡು ಪರೀಕ್ಷೆಗಳು ಸದ್ದಿಲ್ಲದೆ ಹೊರಗುಳಿಯುತ್ತವೆ.

ಆದ್ದರಿಂದ ಖಾಲಿ ಶೀಟ್ ತೆರೆದ ಕೂಡಲೇ `File > Settings > Locale` ಎಂಬಲ್ಲಿ `India` ಆರಿಸಿ ಉಳಿಸಿರಿ. ಎಕ್ಸೆಲ್ ಬಳಸುವವರು ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಭಾರತದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಈಗಾಗಲೇ ಅಂಕಿ ತುಂಬಿದ ಶೀಟ್‌ನಲ್ಲಿ ಲೊಕೇಲ್ ಬದಲಿಸಿದರೆ ಹಳೆಯ ತಪ್ಪು ತಾನಾಗಿ ಸರಿಯಾಗುವುದಿಲ್ಲ. ಒಳಗೆ ಮೇ 7 ಎಂದು ಕುಳಿತ ದಿನಾಂಕ ಮೇ 7 ಆಗಿಯೇ ಉಳಿದು, ತೋರಿಕೆಯ ರೂಪ ಮಾತ್ರ 07/05/2025 ಎಂದು ಬದಲಾಗುತ್ತದೆ. ಅಂಥ ಶೀಟ್‌ನಲ್ಲಿ ಕಾಗದದ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ದಿನಾಂಕಗಳನ್ನು ಮತ್ತೆ ಒತ್ತುವುದೊಂದೇ ದಾರಿ.

ಈ ದೋಷದ ಸೂಚನೆ ಕಣ್ಣಿಗೆ ಬೀಳುವಂಥದ್ದೇ. ನೀವಾಗಿ ಜೋಡಣೆ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್‌ನ ಬಲಗಡೆಗೆ ಅಂಟಿಕೊಳ್ಳುತ್ತದೆ, ಅಕ್ಷರವಾಗಿ ಉಳಿದದ್ದು ಎಡಗಡೆಗೆ ನಿಲ್ಲುತ್ತದೆ. ಸಂದೇಹವಿದ್ದರೆ ಪಕ್ಕದ ಖಾಲಿ ಸೆಲ್‌ನಲ್ಲಿ ಹೀಗೆ ಕೇಳಿ ನೋಡಿರಿ:

```
=ISNUMBER(A2)
```

ಉತ್ತರ `FALSE` ಬಂದರೆ ಅದು ದಿನಾಂಕವಲ್ಲ. `TRUE` ಬಂದಮಾತ್ರಕ್ಕೆ ತಿಂಗಳು ಸರಿಯಿದೆ ಎಂದೂ ಅಲ್ಲ. ಅದಕ್ಕಾಗಿ ಆ ಕಾಲಂನ ರೂಪವನ್ನು ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ `dd-mmm-yyyy` ಎಂದು ಬದಲಿಸಿಕೊಂಡರೆ ತಪ್ಪು ತಾನೇ ಎದ್ದು ಕಾಣುತ್ತದೆ.

ಇನ್ನೊಂದು ಸಣ್ಣ ಎಚ್ಚರಿಕೆ: ಶನಿವಾರದ ಪರೀಕ್ಷೆಯ ಅಂಕಿಗಳನ್ನು ಸೋಮವಾರ ತುಂಬುವಾಗ ಸೋಮವಾರದ ದಿನಾಂಕ ಹಾಕಬೇಡಿರಿ. ಕಾಲಂ ಕೇಳುವುದು ಓಡಿದ ದಿನವನ್ನು.

## ಹಂತ 3: ಒಂದು ಓಟಗಾರ, ಒಂದು ದಿನ, ಒಂದು ಸಾಲು

ಬಹಳಷ್ಟು ಜನ ಹೆಸರುಗಳನ್ನು ಕೆಳಗೆ ಸಾಲಾಗಿ ಬರೆದು ತಿಂಗಳುಗಳನ್ನು ಅಡ್ಡಕ್ಕೆ ಕಾಲಂಗಳಾಗಿ ಹರಡುತ್ತಾರೆ, ಹಾಜರಿ ಪುಸ್ತಕದ ಅಭ್ಯಾಸ ಅದು. ಹಾಜರಿಗೆ ಅದು ಸರಿ. ಆದರೆ ಪ್ರತಿ ಪರೀಕ್ಷೆಯಲ್ಲಿ ಮೂರು ಓಟ, ಮೈದಾನದ ಸ್ಥಿತಿ, ಒಂದು ಟಿಪ್ಪಣಿ ಎಂದು ಐದಾರು ಸಂಗತಿ ಇರುವಾಗ ಶೀಟ್ ಅಗಲವಾಗುತ್ತ ಹೋಗಿ, ಆರನೆಯ ತಿಂಗಳಿಗೆ ಯಾವ ಕಾಲಂ ಯಾವುದಕ್ಕೆ ಸೇರಿದ್ದೆಂದು ತಿಳಿಯದಂತಾಗುತ್ತದೆ. ಬದಲಾಗಿ ಅಂಕಿಗಳು ಕೆಳಕ್ಕೆ ಬೆಳೆಯುವಂತೆ ಜೋಡಿಸಿರಿ.

ಎರಡು ಟ್ಯಾಬ್‌ಗಳನ್ನು ಮಾಡಿರಿ. `Athletes` ಎಂಬುದರಲ್ಲಿ ಪ್ರತಿ ಮಗುವಿಗೆ `H01`, `H02` ಎಂಬಂತೆ ಒಂದು ಸಂಕೇತ, ಹೆಸರು, ಹುಟ್ಟಿದ ದಿನಾಂಕ ಇರಲಿ. `Data` ಎಂಬುದರಲ್ಲಿ ಹೆಸರಿನ ಬದಲು ಸಂಕೇತ ಮಾತ್ರ ಬರಲಿ. ರಕ್ಷಿತಾ, ರಕ್ಷಿತ, ರಕ್ಷಿತಾ ಎಚ್. ಎಂದು ಮೂರು ರೀತಿ ಬರೆದರೆ ಸ್ಪ್ರೆಡ್‌ಶೀಟ್‌ಗೆ ಅವರು ಮೂವರು ಹುಡುಗಿಯರು. ಸಂಕೇತವಿದ್ದರೆ ಈ ಗೊಂದಲವಿಲ್ಲ. ಅಪ್ರಾಪ್ತ ಮಕ್ಕಳ ಹೆಸರಿರುವ ಟ್ಯಾಬನ್ನು ಬೇರೆಯವರಿಗೆ ಕಳುಹಿಸಬೇಕಾಗಿಯೂ ಬರುವುದಿಲ್ಲ.

`Data` ಟ್ಯಾಬ್‌ನ ಕಾಲಂಗಳ ಕ್ರಮ ಇಷ್ಟು: A ಓಡಿದ ದಿನಾಂಕ, B ಸಂಕೇತ, C ಪರೀಕ್ಷೆ, D, E, F ಮೂರು ಓಟಗಳ ಸಮಯ, G ಸರಾಸರಿ, H ಅಂತರ, I ಮೈದಾನ, J ಟಿಪ್ಪಣಿ, K ತಪಾಸಣೆ. B, C, I ಕಾಲಂಗಳಿಗೆ `Data > Data validation` ಮೂಲಕ ಆಯ್ಕೆಪಟ್ಟಿ ಇಡಿರಿ. ಮೈದಾನದ ಆಯ್ಕೆಗಳು `ಒಣ`, `ಒದ್ದೆ` ಎಂಬ ಎರಡೇ ಸಾಕು. "ಸ್ವಲ್ಪ ತೇವ" ಎಂಬ ಮೂರನೆಯದನ್ನು ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು. ಸೇರಿಸಿದ ಮೇಲೆ ಎಲ್ಲ ದಿನಗಳೂ "ಸ್ವಲ್ಪ ತೇವ" ಆಗಿಬಿಡುತ್ತವೆ. ಕಾಲು ಜಾರುವಂತಿದ್ದರೆ ಅಥವಾ ಮಣ್ಣು ಬೂಟಿಗೆ ಅಂಟುವಂತಿದ್ದರೆ ಒದ್ದೆ ಎಂದು ಬರೆಯಿರಿ.

## ಹಂತ 4: ಸಮಯವನ್ನು ಸೆಕೆಂಡಿನಲ್ಲಿ, ಬರಿಯ ಅಂಕಿಯಾಗಿ ಬರೆಯುವುದು

ಸೆಲ್‌ನಲ್ಲಿ `8.42` ಎಂದಷ್ಟೇ ಇರಬೇಕು. `8.42 ಸೆ` ಎಂದು ಬರೆದರೆ ಅದು ಅಕ್ಷರವಾಗುತ್ತದೆ, ಸರಾಸರಿಯ ಸೂತ್ರ ಯಾವ ಎಚ್ಚರಿಕೆಯನ್ನೂ ಕೊಡದೆ ಅದನ್ನು ಬಿಟ್ಟುಬಿಡುತ್ತದೆ. ದೋಷ ಬಂದರೆ ಸರಿಪಡಿಸಬಹುದು. ಸುಮ್ಮನೆ ಬಿಟ್ಟುಹೋದದ್ದನ್ನು ಹುಡುಕುವುದು ಕಷ್ಟ. ಅದಕ್ಕಾಗಿಯೇ K ಕಾಲಂ:

```
=COUNTA(D2:F2)-COUNT(D2:F2)
```

ಇದು ತುಂಬಿದ ಸೆಲ್‌ಗಳ ಎಣಿಕೆಯಿಂದ ಅಂಕಿಯಿರುವ ಸೆಲ್‌ಗಳ ಎಣಿಕೆಯನ್ನು ಕಳೆಯುತ್ತದೆ. ಉತ್ತರ 0 ಇರಬೇಕು. 1 ಅಥವಾ 2 ಬಂದರೆ ಆ ಸಾಲಿನಲ್ಲಿ ಅಂಕಿಯ ವೇಷದ ಅಕ್ಷರವಿದೆ ಎಂದರ್ಥ.

600 ಮೀಟರ್ ಓಟವನ್ನೂ ಇದೇ ಶೀಟ್‌ನಲ್ಲಿ ಇಡುವವರು ನಿಮಿಷಗಳ ವಿಷಯದಲ್ಲಿ ಎಚ್ಚರವಾಗಿರಬೇಕು. `2:12` ಎಂದು ಒತ್ತಿದರೆ ಸ್ಪ್ರೆಡ್‌ಶೀಟ್ ಅದನ್ನು ಎರಡು ಗಂಟೆ ಹನ್ನೆರಡು ನಿಮಿಷ ಎಂದು ತಿಳಿಯುತ್ತದೆ. ಚುಕ್ಕೆ ಹಾಕುವುದು ಇನ್ನೂ ಕೆಟ್ಟದ್ದು: 2 ನಿಮಿಷ 50 ಸೆಕೆಂಡನ್ನು 2.50 ಎಂದೂ 3 ನಿಮಿಷ 10 ಸೆಕೆಂಡನ್ನು 3.10 ಎಂದೂ ಬರೆದು ಸರಾಸರಿ ತೆಗೆದರೆ 2.80 ಬರುತ್ತದೆ, ಅಂಥ ಸಮಯವೇ ಇಲ್ಲ. 170 ಮತ್ತು 190 ಎಂದು ಸೆಕೆಂಡಿನಲ್ಲಿ ಬರೆದಿದ್ದರೆ ಸರಾಸರಿ 180, ಅಂದರೆ ಸರಿಯಾಗಿ 3 ನಿಮಿಷ. ಪೋಷಕರಿಗೆ ತೋರಿಸಲು ನಿಮಿಷದ ರೂಪ ಬೇಕಾದರೆ ಬೇರೆ ಸೆಲ್‌ನಲ್ಲಿ `=TEXT(G2/86400,"m:ss")` ಎಂದು ಪರಿವರ್ತಿಸಿಕೊಳ್ಳಿರಿ.

## ಹಂತ 5: ಸರಾಸರಿ ಮತ್ತು ಅಂತರ

G2 ಸೆಲ್‌ನಲ್ಲಿ ಸರಾಸರಿ, H2 ಸೆಲ್‌ನಲ್ಲಿ ಅತಿ ನಿಧಾನದ ಓಟಕ್ಕೂ ಅತಿ ವೇಗದ ಓಟಕ್ಕೂ ಇರುವ ಅಂತರ:

```
=IF(COUNT(D2:F2)=0,"",AVERAGE(D2:F2))
=IF(COUNT(D2:F2)<2,"",MAX(D2:F2)-MIN(D2:F2))
```

ಇವನ್ನು ಕೆಳಗಿನ ಸಾಲುಗಳಿಗೆ ಎಳೆದುಕೊಳ್ಳಿರಿ. ಓಡದೆ ಉಳಿದ ಓಟದ ಸೆಲ್ ಖಾಲಿಯೇ ಇರಬೇಕು. ಸೊನ್ನೆ, ಅಡ್ಡಗೆರೆ, "ಗೈ" ಯಾವುದೂ ಬೇಡ. 8.31 ಮತ್ತು 8.27 ಓಡಿ ಮೂರನೆಯದನ್ನು ಓಡದ ಹುಡುಗಿಗೆ ಸೊನ್ನೆ ಹಾಕಿದರೆ ಸರಾಸರಿ 5.53 ಬರುತ್ತದೆ. ಪುರುಷರ ಒಳಾಂಗಣ 50 ಮೀಟರ್ ವಿಶ್ವದಾಖಲೆಯೇ 5.56. ಸೊನ್ನೆಯ ತಪ್ಪು ಹೀಗೆ ಹುಚ್ಚುಚ್ಚಾಗಿ ಕಂಡರೆ ಸಿಕ್ಕಿಬೀಳುತ್ತದೆ, ಆದರೆ ಇಪ್ಪತ್ತು ಮಕ್ಕಳ ತಂಡದ ಸರಾಸರಿಯೊಳಗೆ ಒಂದು ಸೊನ್ನೆ ಸೇರಿದರೆ ತಂಡ ಸ್ವಲ್ಪ ಸುಧಾರಿಸಿದಂತೆ ಕಂಡು ಎಲ್ಲರೂ ಸಂತೋಷಪಡುತ್ತಾರೆ.

ಈಗ ಒಬ್ಬ ಓಟಗಾರ್ತಿಯ ಅಂಕಿಗಳನ್ನು ನೋಡೋಣ. ಇವು ವಿವರಿಸಲೆಂದು ನಾನೇ ಜೋಡಿಸಿದ ಅಂಕಿಗಳು. `H07` ಎಂಬ ಹದಿನಾಲ್ಕರ ಹುಡುಗಿ ಎಂದುಕೊಳ್ಳಿ.

| ದಿನಾಂಕ | ಓಟ 1 | ಓಟ 2 | ಓಟ 3 | ಸರಾಸರಿ | ಅಂತರ | ಮೈದಾನ |
|---|---|---|---|---|---|---|
| 07/06/2025 | 8.42 | 8.35 | 8.40 | 8.39 | 0.07 | ಒಣ |
| 05/07/2025 | 8.61 | 8.55 | 8.64 | 8.60 | 0.09 | ಒದ್ದೆ |
| 02/08/2025 | 8.38 | 8.30 | 8.31 | 8.33 | 0.08 | ಒಣ |
| 30/08/2025 | 8.31 | 7.92 | 8.27 | 8.17 | 0.39 | ಒಣ |
| 25/10/2025 | 8.20 | 8.22 | 8.15 | 8.19 | 0.07 | ಒಣ |

ಸೆಪ್ಟೆಂಬರ್ 27ರ ಪರೀಕ್ಷೆಗೆ ಆಕೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿದ್ದಳು, ಆದ್ದರಿಂದ ಆ ದಿನದ ಸಾಲೇ ಇಲ್ಲ.

ಆಗಸ್ಟ್ 30ರ ಸಾಲಿನಲ್ಲಿ ಅಂತರ 0.39 ಇದೆ, ಉಳಿದ ದಿನಗಳಲ್ಲಿ ಅದು 0.10ರ ಒಳಗೇ ಇತ್ತು. ಒಂದೇ ದಿನ, ಒಂದೇ ಕಾಲು, ಐದು ನಿಮಿಷದ ನಡುವೆ ಹುಡುಗಿಯ ವೇಗ ಹೀಗೆ ಏರಿ ಮತ್ತೆ ಇಳಿಯುವುದಿಲ್ಲ. ಗಡಿಯಾರ ತಡವಾಗಿ ಶುರುವಾಗಿರಬೇಕು ಅಥವಾ ಬೇಗ ನಿಂತಿರಬೇಕು. ನನ್ನ ನಿಯಮ ಹೀಗಿದೆ: ಅಂತರ 0.30 ದಾಟಿದರೆ ಮೈದಾನದಲ್ಲಿಯೇ, ಬಿಡುವು ಕೊಟ್ಟು, ನಾಲ್ಕನೆಯ ಓಟ ಓಡಿಸಿ, ಸಂದೇಹದ ಅಂಕಿಯ ಜಾಗದಲ್ಲಿ ಅದನ್ನು ಬರೆಯಬೇಕು. ಮನೆಗೆ ಬಂದ ಮೇಲೆ ಗೊತ್ತಾದರೆ E ಸೆಲ್ ಖಾಲಿ ಬಿಟ್ಟು, "7.92 ಬಂದಿತ್ತು, ಗಡಿಯಾರದ ಸಂದೇಹ" ಎಂದು ಟಿಪ್ಪಣಿಯಲ್ಲಿ ಉಳಿಸಬೇಕು. ಕಾರಣ ಬರೆಯದೆ ಅಳಿಸಿದರೆ ಅದು ದಾಖಲೆ ತಿದ್ದಿದಂತಾಗುತ್ತದೆ. ಉಳಿದ ಎರಡು ಓಟಗಳ ಸರಾಸರಿ 8.29.

"ಮೂರರಲ್ಲಿ ಉತ್ತಮವಾದುದನ್ನೇ ಏಕೆ ತೆಗೆದುಕೊಳ್ಳಬಾರದು?" ಎಂದು ಕೇಳುವವರಿಗೆ ಇದೇ ಸಾಲು ಉತ್ತರ ಹೇಳುತ್ತದೆ. ಉತ್ತಮ ಸಮಯಗಳನ್ನು ಮಾತ್ರ ಜೋಡಿಸಿದರೆ 8.35, 8.55, 8.30, 7.92, 8.15 ಎಂದಾಗುತ್ತದೆ. ಅದನ್ನು ನೋಡಿದ ತರಬೇತುದಾರ ಅಕ್ಟೋಬರ್‌ನಲ್ಲಿ "ನೀನು ನಿಧಾನವಾಗಿದ್ದೀಯ" ಎಂದು, ಆ ತನಕದ ಅತ್ಯುತ್ತಮ ಸ್ಥಿತಿಯಲ್ಲಿರುವ ಹುಡುಗಿಯನ್ನು ಗದರಿಸುತ್ತಾನೆ. ಕೈಯಿಂದ ಒತ್ತುವ ಗಡಿಯಾರದಲ್ಲಿ ಅತಿ ಕಡಿಮೆ ಸಮಯವೆಂಬುದು ಬಹುಮಟ್ಟಿಗೆ ಬೆರಳಿನ ತಪ್ಪು ಅತಿ ಹೆಚ್ಚಾಗಿರುವ ಸಮಯವೂ ಹೌದು.

ಇನ್ನೊಂದು ಸರಾಸರಿಯನ್ನು ಮಾಡಲೇಬೇಡಿರಿ, ಅದು ಇಡೀ ಋತುವಿನದು. ತಿದ್ದಿದ ಐದು ಪರೀಕ್ಷೆಗಳನ್ನೂ ಕೂಡಿಸಿ ಭಾಗಿಸಿದರೆ 8.36 ಬರುತ್ತದೆ. ಜೂನ್‌ನಲ್ಲಿ 8.39 ಇದ್ದವಳಿಗೆ ಅದು ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಪ್ರಗತಿ ಕಾಲದೊಂದಿಗೆ ಸಾಗುವಂಥದ್ದು, ಈ ಸರಾಸರಿ ಕಾಲವನ್ನೇ ಅಳಿಸಿಹಾಕುತ್ತದೆ.

## ಹಂತ 6: ಎಷ್ಟು ಬದಲಾದರೆ ನಿಜವಾದ ಬದಲಾವಣೆ?

ಜೂನ್‌ನ 8.39 ಆಗಸ್ಟ್‌ನಲ್ಲಿ 8.33 ಆಯಿತು. ಇದು ತರಬೇತಿಯ ಫಲವೋ ಅಳತೆಯ ಅಲುಗಾಟವೋ ಎಂದು ಹೇಳಲು ನಿಮ್ಮ ಪರೀಕ್ಷೆಯ ಅಲುಗಾಟ ಎಷ್ಟೆಂದು ನಿಮಗೆ ಗೊತ್ತಿರಬೇಕು. ಅದನ್ನು ವರ್ಷಕ್ಕೊಮ್ಮೆ ಅಳೆದರೆ ಸಾಕು. ಹತ್ತು ಮಕ್ಕಳನ್ನು ಒಂದು ದಿನ ಓಡಿಸಿ, ನಡುವೆ ಕಠಿಣ ಅಭ್ಯಾಸ ಕೊಡದೆ, ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಓಡಿಸಿರಿ. ಎರಡು ದಿನದಲ್ಲಿ ಯಾರ ವೇಗವೂ ಬೆಳೆಯುವುದಿಲ್ಲ, ಆದ್ದರಿಂದ ಕಾಣುವ ವ್ಯತ್ಯಾಸವೆಲ್ಲ ಅಲುಗಾಟವೇ.

`Repeat` ಎಂಬ ಟ್ಯಾಬ್‌ನಲ್ಲಿ A ಸಂಕೇತ, B ಮೊದಲ ದಿನದ ಸರಾಸರಿ, C ಎರಡನೆಯ ಸಲದ ಸರಾಸರಿ, D ಅವುಗಳ ವ್ಯತ್ಯಾಸ `=C2-B2` ಎಂದು ಬರೆದು, ಕೆಳಗೆ ಒಂದು ಸೆಲ್‌ನಲ್ಲಿ ಈ ಸೂತ್ರ ಹಾಕಿರಿ:

```
=STDEV.S(D2:D11)/SQRT(2)
```

ವ್ಯತ್ಯಾಸದೊಳಗೆ ಎರಡು ಪರೀಕ್ಷೆಗಳ ತಪ್ಪು ಸೇರಿರುವುದರಿಂದ ಒಂದರ ಪಾಲನ್ನು ತಿಳಿಯಲು ಎರಡರ ವರ್ಗಮೂಲದಿಂದ ಭಾಗಿಸುತ್ತೇವೆ. ಉತ್ತರ 0.07 ಬಂದಿತೆನ್ನೋಣ. ಅದರ ಎರಡರಷ್ಟು, ಅಂದರೆ 0.14 ಸೆಕೆಂಡಿಗಿಂತ ಕಡಿಮೆಯ ಬದಲಾವಣೆಯನ್ನು "ಸುಧಾರಣೆ" ಎಂದು ಬರೆಯಬೇಡಿರಿ. ಹಾಗಾದರೆ `H07`ಳ ಜೂನ್‌ನಿಂದ ಆಗಸ್ಟ್‌ವರೆಗಿನ 0.06 ಇನ್ನೂ ಅಲುಗಾಟದೊಳಗೇ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ 0.20 ಮಾತ್ರ ಅದನ್ನು ದಾಟಿದೆ. ಈ 0.07 ನನ್ನ ಉದಾಹರಣೆಯ ಸಂಖ್ಯೆ, ನಿಮ್ಮ ಮೈದಾನದ್ದು ಬೇರೆಯೇ ಬರುತ್ತದೆ. ಅದು ತೀರ ದೊಡ್ಡದಾಗಿ ಬಂದರೆ ಮಕ್ಕಳನ್ನು ದೂರದೆ ಹಂತ 1ಕ್ಕೆ ಹಿಂದಿರುಗಿ ಗಡಿಯಾರ ಹಿಡಿಯುವ ಕೈಯನ್ನು ನೋಡಿರಿ. D ಕಾಲಂನ ಸರಾಸರಿ ಸೊನ್ನೆಯ ಹತ್ತಿರ ಇರದೆ ಎಲ್ಲರೂ ಎರಡನೆಯ ಸಲ ವೇಗವಾಗಿದ್ದರೆ, ಮಕ್ಕಳಿಗೆ ಪರೀಕ್ಷೆಯೇ ಮೊದಲ ಸಲ ಹೊಸದಾಗಿತ್ತು ಎಂದರ್ಥ. ಆಗ ಇನ್ನೊಂದು ಜೋಡಿ ದಿನ ಬೇಕಾಗುತ್ತದೆ.

## ಹಂತ 7: ಒಬ್ಬೊಬ್ಬರ ಕಾರ್ಡ್ ಮತ್ತು ಗ್ರಾಫ್

`Card` ಎಂಬ ಟ್ಯಾಬ್ ಮಾಡಿ, B1ರಲ್ಲಿ ಸಂಕೇತ, B2ರಲ್ಲಿ ಪರೀಕ್ಷೆಯ ಹೆಸರು ಬರೆದು, A5ರಲ್ಲಿ ಹೀಗೆ ಹಾಕಿರಿ:

```
=FILTER(Data!A2:J500,(Data!B2:B500=B1)*(Data!C2:C500=B2))
```

B1 ಬದಲಿಸಿದಂತೆ ಆ ಮಗುವಿನ ಸಾಲುಗಳೆಲ್ಲ ಬಂದು ಕೂರುತ್ತವೆ. ಹಳೆಯ ಎಕ್ಸೆಲ್ ಆವೃತ್ತಿಗಳಲ್ಲಿ `FILTER` ಇಲ್ಲ. ಅಂಥವರು `Data` ಟ್ಯಾಬ್‌ನಲ್ಲಿ ಸಂಕೇತದ ಮೇಲೆ ಫಿಲ್ಟರ್ ಇಟ್ಟು ನಕಲು ಮಾಡಿಕೊಳ್ಳಬಹುದು. ಆ ಬಳಿಕ L5 ಮತ್ತು M5ರಲ್ಲಿ ಒಣ, ಒದ್ದೆ ಸಮಯಗಳನ್ನು ಬೇರ್ಪಡಿಸಿ ಕೆಳಕ್ಕೆ ಎಳೆಯಿರಿ:

```
=IF(I5="ಒಣ",G5,NA())
=IF(I5="ಒದ್ದೆ",G5,NA())
```

`NA()` ಇದ್ದಲ್ಲಿ ಗ್ರಾಫ್ ಚುಕ್ಕೆ ಹಾಕುವುದಿಲ್ಲ. ಅದರ ಬದಲು ಖಾಲಿ ಉದ್ಧರಣ ಚಿಹ್ನೆ `""` ಇಟ್ಟರೆ ಎಕ್ಸೆಲ್ ಅದನ್ನು ಸೊನ್ನೆಯೆಂದು ಬಗೆದು ಗೆರೆಯನ್ನು ತಳಕ್ಕೆ ಎಳೆದೊಯ್ಯುತ್ತದೆ. ಗ್ರಾಫ್ ಹಠಾತ್ತನೆ ಪಾತಾಳಕ್ಕೆ ಇಳಿದು ಮೇಲೆದ್ದರೆ ಕಾರಣ ಇದೇ.

ಗ್ರಾಫ್‌ನ ಬಗೆಯಲ್ಲಿ `Scatter chart` ಆರಿಸಿರಿ: ಅಡ್ಡಕ್ಕೆ ದಿನಾಂಕ, ಮೇಲಕ್ಕೆ L ಮತ್ತು M. ಚುಕ್ಕೆಗಳನ್ನು ಸೇರಿಸುವ ಗೆರೆ ಚೆಂದ ಕಾಣುತ್ತದೆ, ಆದರೆ ನಡುವಿನ ದಿನಗಳಲ್ಲಿ ಏನಾಯಿತೆಂದು ನಮಗೆ ತಿಳಿದಿರುವಂತೆ ನಟಿಸುತ್ತದೆ. ಆಗಸ್ಟ್ 30ಕ್ಕೂ ಅಕ್ಟೋಬರ್ 25ಕ್ಕೂ ನಡುವೆ ಎಂಟು ವಾರಗಳ ಅಗಲ ಕಾಣಬೇಕು, ಬೇರೆ ಚುಕ್ಕೆಗಳ ನಡುವೆ ನಾಲ್ಕು ವಾರದ್ದು. ಎಲ್ಲ ಚುಕ್ಕೆಗಳೂ ಸಮ ಅಂತರದಲ್ಲಿ ನಿಂತಿದ್ದರೆ ನಿಮ್ಮ ದಿನಾಂಕಗಳು ಅಕ್ಷರಗಳಾಗಿವೆ, ಅಥವಾ ಲೈನ್ ಚಾರ್ಟ್‌ನಲ್ಲಿ `Treat labels as text` ಎಂಬ ಗುರುತು ಬಿದ್ದಿದೆ.

ಲಂಬ ಅಕ್ಷದ `Min` ಮತ್ತು `Max` ಬೆಲೆಗಳನ್ನು ತಂಡದ ಎಲ್ಲರಿಗೂ ಒಂದೇ ಆಗಿ, ಈ ಪ್ರಾಯದವರಿಗೆ 7.5 ಮತ್ತು 9.5 ಎಂದು ಇಡಿರಿ. ತಾನಾಗಿ ಹೊಂದಿಕೊಳ್ಳಲು ಬಿಟ್ಟರೆ 0.05 ಸೆಕೆಂಡಿನ ಏರಿಳಿತ ಚಾರ್ಮಾಡಿ ಘಾಟಿಯಂತೆ ಕಾಣುತ್ತದೆ. ಓಟದಲ್ಲಿ ಕಡಿಮೆ ಸಮಯವೇ ಒಳ್ಳೆಯದಾದ್ದರಿಂದ ಸುಧಾರಣೆ ಗ್ರಾಫ್‌ನಲ್ಲಿ ಇಳಿಜಾರಾಗಿ ಕಾಣುತ್ತದೆ, ಪೋಷಕರು ಗಾಬರಿಯಾಗುತ್ತಾರೆ. ಕೆಲವರು ಅಕ್ಷವನ್ನೇ ತಿರುಗಿಸುತ್ತಾರೆ. ಉದ್ದ ಜಿಗಿತದ ಗ್ರಾಫ್ ಪಕ್ಕದಲ್ಲಿದ್ದಾಗ ಅದು ಮತ್ತೊಂದು ಗೊಂದಲ. "50 ಮೀ ಸಮಯ (ಸೆಕೆಂಡ್): ಚುಕ್ಕೆ ಕೆಳಗಿದ್ದಷ್ಟೂ ಓಟ ವೇಗ" ಎಂದು ಶೀರ್ಷಿಕೆಯಲ್ಲಿಯೇ ಬರೆಯುವುದು ನನಗೆ ಹಿಡಿಸಿದ ದಾರಿ.

ಜುಲೈ 5ರ 8.60 ಈಗ ಬೇರೆ ಬಣ್ಣದ ಒಂಟಿ ಚುಕ್ಕೆಯಾಗಿ ನಿಲ್ಲುತ್ತದೆ. ಒಣ ಚುಕ್ಕೆಗಳು 8.39, 8.33, 8.29, 8.19 ಎಂದು ನಿಧಾನವಾಗಿ ಇಳಿಯುತ್ತವೆ, ಹಾವಿನ ನಡೆ ಮಾಯವಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಶಾಲೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಮೈದಾನ ಸಿಗುವುದೇ ಅಪರೂಪ. ಅಂಥವರು ಒದ್ದೆ ಸಮಯಗಳನ್ನು "ಸರಿಹೊಂದಿಸಲು" ಇಷ್ಟು ಕಳೆಯಿರಿ ಎಂಬ ಲೆಕ್ಕಕ್ಕೆ ಕೈಹಾಕಬಾರದು, ಏಕೆಂದರೆ ಒಂದು ಮಳೆಯ ಕೆಸರು ಇನ್ನೊಂದು ಮಳೆಯದರಂತಿರುವುದಿಲ್ಲ. ಮಳೆಗಾಲದಲ್ಲಿ ಸೂರಿನಡಿ ನಿಂತ ಜಾಗದಿಂದ ಉದ್ದ ಜಿಗಿತದ ಪರೀಕ್ಷೆ ನಡೆಸಿ, 50 ಮೀಟರ್ ಓಟದ ಹೋಲಿಕೆಯನ್ನು ಮಳೆ ನಿಂತ ಮೇಲಿನ ತಿಂಗಳುಗಳಿಗೆ ಮೀಸಲಿಡುವುದು ಲೇಸು.

## ಹಂತ 8: ತಂಡದ ಸರಾಸರಿಯಲ್ಲಿ ಗೈರುಹಾಜರಿಯ ಮೋಸ

ಮುಖ್ಯೋಪಾಧ್ಯಾಯರು ಕೇಳುವುದು ಸಾಮಾನ್ಯವಾಗಿ ತಂಡದ ಒಂದೇ ಸಂಖ್ಯೆಯನ್ನು. ನಾಲ್ವರ ಪುಟ್ಟ ತಂಡ ತೆಗೆದುಕೊಳ್ಳಿ. ಜೂನ್‌ನಲ್ಲಿ 7.9, 8.1, 8.4, 8.8 ಓಡಿದರು, ಸರಾಸರಿ 8.30. ಅಕ್ಟೋಬರ್‌ನಲ್ಲಿ ಮೊದಲ ಮೂವರು 8.0, 8.1, 8.3 ಓಡಿದರು, ನಾಲ್ಕನೆಯವನು ಬರಲಿಲ್ಲ, ಸರಾಸರಿ 8.13. ತಂಡ 0.17 ಸೆಕೆಂಡ್ ಸುಧಾರಿಸಿತು ಎಂದು ವರದಿ ಹೋಗುತ್ತದೆ. ಬಂದ ಮೂವರ ಜೂನ್ ಸರಾಸರಿಯನ್ನು ಮಾತ್ರ ತೆಗೆದರೆ ಅದೂ 8.13. ಯಾವ ಸುಧಾರಣೆಯೂ ಆಗಿಲ್ಲ, ನಿಧಾನದವನು ಗೈರಾದ ಅಷ್ಟೇ.

ಆದ್ದರಿಂದ `Team` ಎಂಬ ಟ್ಯಾಬ್‌ನಲ್ಲಿ A ಸಂಕೇತ, B ಮೊದಲ ಒಣ ಪರೀಕ್ಷೆ, C ಇತ್ತೀಚಿನ ಒಣ ಪರೀಕ್ಷೆ ಎಂದು ಬರೆದು, D ಕಾಲಂನಲ್ಲಿ ಎರಡೂ ಇದ್ದವರ ವ್ಯತ್ಯಾಸವನ್ನು ಮಾತ್ರ ತೆಗೆಯಿರಿ, ಆಮೇಲೆ D ಕಾಲಂನ ಸರಾಸರಿಯನ್ನು ವರದಿ ಮಾಡಿರಿ:

```
=IF(COUNT(B2:C2)=2,C2-B2,"")
```

ಎಷ್ಟು ಜನರ ಲೆಕ್ಕ ಅದು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು. ಇಪ್ಪತ್ತು ಜನರ ತಂಡದಲ್ಲಿ ಎಂಟು ಜನರಿಗೆ ಮಾತ್ರ ಎರಡೂ ಪರೀಕ್ಷೆ ಇದ್ದರೆ, ಆ ಸಂಖ್ಯೆ ತಂಡದ ಬಗ್ಗೆ ಹೇಳುವುದಕ್ಕಿಂತ ಹಾಜರಿಯ ಬಗ್ಗೆಯೇ ಹೆಚ್ಚು ಹೇಳುತ್ತದೆ.

## ಹಂತ 9: ಕಾರ್ಡಿನ ಷರಾ

ಗ್ರಾಫ್‌ನ ಕೆಳಗೆ ಎರಡು ಮೂರು ವಾಕ್ಯಗಳ ಷರಾ ಇರಲಿ, ಅಂಕಿಯಲ್ಲಿ ಇಲ್ಲದುದನ್ನು ಅದರಲ್ಲಿ ಬರೆಯಬೇಡಿರಿ. ಹದಿಮೂರರಿಂದ ಹದಿನಾರರ ಮಕ್ಕಳ ಎತ್ತರವನ್ನು ಮೂರು ತಿಂಗಳಿಗೊಮ್ಮೆ `Athletes` ಟ್ಯಾಬ್‌ನಲ್ಲಿ ದಿನಾಂಕದೊಂದಿಗೆ ಸೇರಿಸಿಕೊಳ್ಳಿರಿ, ಏಕೆಂದರೆ ಈ ಪ್ರಾಯದಲ್ಲಿ ಓಟದ ಸುಧಾರಣೆಯ ಒಂದು ಪಾಲು ಬೆಳವಣಿಗೆಯದೇ ಆಗಿರುತ್ತದೆ. `H07`ಳ ಕಾರ್ಡಿಗೆ ನಾನು ಬರೆಯುವ ಷರಾ ಹೀಗಿರುತ್ತದೆ:

"ಒಣ ಮೈದಾನದ ನಾಲ್ಕು ಪರೀಕ್ಷೆಗಳಲ್ಲಿ 8.39ರಿಂದ 8.19ಕ್ಕೆ ಇಳಿಕೆ, ಅಳತೆಯ ಅಲುಗಾಟದ ಮಿತಿ 0.14ನ್ನು ದಾಟಿದೆ. ಜುಲೈ 5 ಒದ್ದೆ ಮೈದಾನ, ಹೋಲಿಕೆಗೆ ಸೇರಿಸಿಲ್ಲ. ಆಗಸ್ಟ್ 30ರ ಎರಡನೆಯ ಓಟ ಗಡಿಯಾರದ ಸಂದೇಹದಿಂದ ಬಿಟ್ಟಿದೆ. ಸೆಪ್ಟೆಂಬರ್ 27 ಗೈರು. ಮುಂದಿನ ಪರೀಕ್ಷೆ 22/11/2025, ಶನಿವಾರ, ಅದೇ ಹೊತ್ತು."